ಪ್ರಶ್ನಾವಳಿಯೇ ಥೀಮ್ ಆಗದಿರಲಿ: ಸಂದರ್ಶನಗಳನ್ನು ಅನುಗಮನ ವಿಧಾನದಲ್ಲಿ ಕೋಡ್ ಮಾಡುವ ಕ್ರಮ

ಗುಣಾತ್ಮಕ ಸಂಶೋಧನೆಯ ಮಹಾಪ್ರಬಂಧವೊಂದು ಕೈಗೆ ಬಂದರೆ ನಾನು ಮೊದಲು ಅನುಬಂಧಕ್ಕೆ ಹೋಗಿ ಸಂದರ್ಶನದ ಪ್ರಶ್ನೆಗಳನ್ನು ಓದುತ್ತೇನೆ. ಆಮೇಲೆ ವಿಶ್ಲೇಷಣೆಯ ಅಧ್ಯಾಯದ ಥೀಮ್‌ಗಳನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತೇನೆ. ‘ಬೆಳೆ ಹಾನಿಯ ಬಗ್ಗೆ ಹೇಳಿ’ ಎಂದು ಕೇಳಿದ್ದಾರೆ. ಮೊದಲ ಥೀಮ್ ‘ಬೆಳೆ ಹಾನಿ’. ‘ಪರಿಹಾರ ಸಿಕ್ಕಿದೆಯೇ’ ಎಂದು ಕೇಳಿದ್ದಾರೆ. ಎರಡನೆಯ ಥೀಮ್ ‘ಪರಿಹಾರದ ಸಮಸ್ಯೆಗಳು’. ‘ಅರಣ್ಯ ಇಲಾಖೆ ಏನು ಮಾಡಬೇಕು’ ಎಂದು ಕೇಳಿದ್ದಾರೆ. ಕೊನೆಯ ಥೀಮ್ ‘ಇಲಾಖೆಯಿಂದ ನಿರೀಕ್ಷೆಗಳು’. ವಿಧಾನದ ಅಧ್ಯಾಯದಲ್ಲಿ ಮಾತ್ರ ‘ಥೀಮ್‌ಗಳು ದತ್ತಾಂಶದಿಂದಲೇ ಹೊಮ್ಮಿದವು’ ಎಂದು ಬರೆದಿರುತ್ತದೆ. ಅವು ದತ್ತಾಂಶದಿಂದ ಹೊಮ್ಮಿದ್ದಲ್ಲ, ಸಂದರ್ಶನಕ್ಕೆ ಹೊರಡುವ ಮೊದಲೇ ಚೀಲದಲ್ಲಿದ್ದವು.

ಈ ಲೇಖನ ಪೂರ್ತಿ ಈ ಒಂದು ದೋಷವನ್ನು ತಪ್ಪಿಸುವುದರ ಬಗ್ಗೆ. ಸಂದರ್ಶನದ ಬರಹರೂಪವನ್ನು ಸಿದ್ಧಪಡಿಸುವುದರಿಂದ ಹಿಡಿದು ಥೀಮ್‌ಗೆ ಹೆಸರಿಡುವವರೆಗೆ ಯಾವ ಹಂತದಲ್ಲಿ ಪ್ರಶ್ನಾವಳಿ ಹಿಂಬಾಗಿಲಿನಿಂದ ನುಸುಳುತ್ತದೆ, ಅದನ್ನು ಹೇಗೆ ಗುರುತಿಸಬೇಕು ಎಂಬುದನ್ನು ಒಂದೇ ಉದಾಹರಣೆಯ ಮೂಲಕ ತೋರಿಸುತ್ತೇನೆ.

ಉದಾಹರಣೆ ಕೊಡಗಿನದು. ಸಿದ್ದಾಪುರ, ಅಮ್ಮತ್ತಿ ಕಡೆಯ ಕಾಫಿ ತೋಟಗಳಲ್ಲಿ ಆನೆಗಳ ಓಡಾಟ ಹೊಸ ಸುದ್ದಿಯಲ್ಲ. ‘ಆನೆಗಳು ಓಡಾಡುವ ತೋಟಗಳಲ್ಲಿ ಬೆಳೆಗಾರರೂ ಕಾರ್ಮಿಕರೂ ದಿನನಿತ್ಯದ ಅಪಾಯವನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆ, ಹೇಗೆ ನಿಭಾಯಿಸುತ್ತಾರೆ?’ ಎಂಬುದು ಒಬ್ಬ ಸಂಶೋಧನಾರ್ಥಿಯ ಪ್ರಶ್ನೆ ಎಂದುಕೊಳ್ಳೋಣ. ಆಕೆ 14 ಮಂದಿಯನ್ನು ಮಾತನಾಡಿಸಿದ್ದಾಳೆ: 7 ಸಣ್ಣ ಬೆಳೆಗಾರರು, 7 ತೋಟ ಕಾರ್ಮಿಕರು. ಮುಂದೆ ಬರುವ ಮಾತುಗಳು ವಿಧಾನವನ್ನು ವಿವರಿಸಲು ನಾನೇ ಕಟ್ಟಿದವು, ಯಾರದೋ ಸಂದರ್ಶನದಿಂದ ತೆಗೆದವಲ್ಲ. ಓದಿಗೆ ಅನುಕೂಲವಾಗಲೆಂದು ಬರಹದ ಕನ್ನಡದಲ್ಲಿ ಕೊಟ್ಟಿದ್ದೇನೆ. ನಿಮ್ಮ ಪ್ರತಿಯಲ್ಲಿ ಮಾತು ಆಡಿದಂತೆಯೇ ಇರಬೇಕು.

ಕೋಡಿಂಗ್‌ಗೆ ಮೊದಲು

ಅನುಗಮನ ಎಂದರೆ ಖಾಲಿ ತಲೆಯಲ್ಲಿ ಕುಳಿತುಕೊಳ್ಳುವುದಲ್ಲ. ಹಾಗೆ ಯಾರಿಂದಲೂ ಆಗುವುದಿಲ್ಲ. ಮೊದಲೇ ಇರುವ ಸಿದ್ಧಾಂತದ ಚೌಕಟ್ಟಿಗೋ ಪ್ರಶ್ನಾವಳಿಯ ಶೀರ್ಷಿಕೆಗಳಿಗೋ ಮಾತುಗಳನ್ನು ತುಂಬದೆ, ಮಾತಿನಿಂದ ಮೇಲಕ್ಕೆ ಹೋಗುವುದು ಎಂದಷ್ಟೇ ಅದರ ಅರ್ಥ. ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ವಿವರಿಸಿದ ಆರು ಹಂತಗಳ ಥೀಮ್ ವಿಶ್ಲೇಷಣೆಯನ್ನೇ ನಮ್ಮಲ್ಲಿ ಹೆಚ್ಚಿನವರು ಅನುಸರಿಸುತ್ತಾರೆ. ನಾನಿಲ್ಲಿ ಹಿಡಿಯುವ ದಾರಿಯೂ ಅದೇ. ‘ಥೀಮ್‌ಗಳು ಹೊಮ್ಮಿದವು’ ಎಂಬ ಮಾತಿಗೆ ಅವರಿಬ್ಬರ ಆಕ್ಷೇಪವಿದೆ ಎಂಬುದನ್ನು ಮಾತ್ರ ಹಲವರು ಗಮನಿಸುವುದಿಲ್ಲ. ಥೀಮ್ ಮಣ್ಣಿನಡಿಯಲ್ಲಿ ಕಾದು ಕುಳಿತಿರುವುದಿಲ್ಲ. ಸಂಶೋಧಕರು ಅದನ್ನು ಕಟ್ಟುತ್ತಾರೆ, ಕಟ್ಟಿದ್ದಕ್ಕೆ ಹೊಣೆ ಹೊರುತ್ತಾರೆ.

ಹೊಣೆ ಹೊರಬೇಕಾದರೆ ನೀವು ಯಾರು ಎಂಬುದು ಕಾಗದದ ಮೇಲೆ ಇರಬೇಕು. ನಮ್ಮ ಸಂಶೋಧನಾರ್ಥಿ ಬೆಳೆಗಾರರ ಮನೆಯ ಮಗಳಾಗಿದ್ದರೆ, ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕ ಹೆಂಗಸು ‘ಸಾಹುಕಾರರು ಒಳ್ಳೆಯವರೇ’ ಎಂದಾಗ ಅದನ್ನು ಅವಳು ಓದುವ ಬಗೆ ಬೇರೆ. ಅಂಥ ಮನೆಯವಳಲ್ಲದ ಇನ್ನೊಬ್ಬಳು ಓದುವ ಬಗೆ ಬೇರೆ. ಕೋಡಿಂಗ್ ಆರಂಭಿಸುವ ಮೊದಲು ಒಂದು ಪುಟ ಬರೆದಿಡಿ: ಈ ವಿಷಯದಲ್ಲಿ ನನಗೆ ಏನು ಸಿಗಬಹುದು ಎಂದುಕೊಂಡಿದ್ದೇನೆ, ಯಾರ ಪರ ನನ್ನ ಒಲವಿದೆ. ಕೊನೆಯಲ್ಲಿ ನಿಮ್ಮ ಥೀಮ್‌ಗಳು ಈ ಪುಟದ ನಕಲಿನಂತೆ ಕಂಡರೆ ಎಲ್ಲೋ ಎಡವಿದ್ದೀರಿ ಎಂದರ್ಥ.

ಬರಹರೂಪ ಸಿದ್ಧಪಡಿಸುವುದು

ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಮಾತು ಕನ್ನಡದಲ್ಲಿ ಆರಂಭವಾಗಿ ಕೊಡವ ತಕ್ಕ್‌ಗೋ ಅರೆಭಾಷೆಗೋ ಹೊರಳಿದರೆ ಇನ್ನೂ ಹೆಚ್ಚು. ಹೊರಳಿದ ಭಾಗವನ್ನು ಅಲ್ಲೇ ಕನ್ನಡಕ್ಕೆ ತಿರುಗಿಸಿಬಿಡಬೇಡಿ. ಮೂಲವನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದು, ಕೆಳಗೆ ಅನುವಾದ ಕೊಡಿ. ಕೋಡ್ ಮಾಡುವಾಗ ಮೂಲವನ್ನು ನೋಡಿ. ಪ್ರಬಂಧ ಇಂಗ್ಲಿಷಿನಲ್ಲಿರಬೇಕಾದರೂ ಕೋಡಿಂಗ್ ಕನ್ನಡದಲ್ಲೇ ಮುಗಿಯಲಿ, ಅಧ್ಯಾಯದಲ್ಲಿ ಉಲ್ಲೇಖಿಸುವ ಮಾತುಗಳನ್ನಷ್ಟೇ ಕೊನೆಗೆ ಅನುವಾದಿಸಿ.

ಟೈಪ್ ಮಾಡುವುದು ಯೂನಿಕೋಡ್‌ನಲ್ಲಿರಲಿ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪಿಸಿದ ಕಡತವನ್ನು ಯಾವುದೇ ವಿಶ್ಲೇಷಣಾ ತಂತ್ರಾಂಶಕ್ಕೆ ಹಾಕಿದರೂ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ, ಹುಡುಕಾಟವೂ ಕೆಲಸ ಮಾಡುವುದಿಲ್ಲ. ಪ್ರತಿ ಸಾಲಿಗೂ ಸಂಖ್ಯೆ ಹಾಕಿ.

ಗುರುತು ಮರೆಮಾಚುವುದರಲ್ಲಿ ಕೊಡಗಿಗೆ ತನ್ನದೇ ತೊಡಕಿದೆ. ವ್ಯಕ್ತಿಯ ಹೆಸರನ್ನು ಬದಲಿಸಿದರೆ ಸಾಲದು. ಒಕ್ಕದ, ಅಂದರೆ ಕೊಡವ ಮನೆತನದ, ಹೆಸರು ಒಂದು ಸಲ ಉಳಿದರೂ ಸಾಕು, ಓದುವವರಿಗೆ ಮನೆ ಗೊತ್ತಾಗುತ್ತದೆ. ಊರಿನ ಹೆಸರು, ತೋಟದ ವಿಸ್ತೀರ್ಣ, ಇಂಥ ವರ್ಷ ಆನೆ ದಾಳಿಯಲ್ಲಿ ಮನೆಯವರೊಬ್ಬರು ತೀರಿಕೊಂಡರು ಎಂಬ ಮೂರು ವಿವರಗಳು ಒಟ್ಟಿಗಿದ್ದರೆ ಹೆಸರಿನ ಅಗತ್ಯವೇ ಇಲ್ಲ. ಊರನ್ನು ‘ಗ್ರಾಮ ಅ’ ಎಂದೂ, ವಿಸ್ತೀರ್ಣವನ್ನು ‘ಐದು ಎಕರೆಯೊಳಗೆ’ ಎಂದೂ ಮಾಡಿಕೊಳ್ಳಿ. ಕಾರ್ಮಿಕರ ಪ್ರತಿಗಳಲ್ಲಿ ತೋಟದ ಹೆಸರು, ತೋಟದ ಲೆಕ್ಕ ಬರೆಯುವ ರೈಟರ್ ಮತ್ತು ಮೇಸ್ತ್ರಿಯ ಹೆಸರು ಇವೆಲ್ಲ ಹೋಗಬೇಕು. ಅವರ ಕೆಲಸ ಆ ತೋಟದಲ್ಲೇ ಇದೆ. ನಮ್ಮ ಉದಾಹರಣೆಯಲ್ಲಿ ಕಾರ್ಮಿಕರು ಕಾ-1ರಿಂದ ಕಾ-7, ಬೆಳೆಗಾರರು ಬೆ-1ರಿಂದ ಬೆ-7.

ಇದಾದ ಮೇಲೆ ಎಲ್ಲ ಪ್ರತಿಗಳನ್ನೂ ಒಮ್ಮೆ ಕೋಡ್ ಮಾಡದೆ, ಧ್ವನಿ ಕೇಳುತ್ತಾ ಓದಿ. ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಎಂಬುದು ಆಗ ಕಿವಿಗೆ ಬೀಳುತ್ತದೆ.

ಮೊದಲ ಸುತ್ತಿನ ಕೋಡಿಂಗ್

ಕೋಡ್ ಎಂದರೆ ಮಾತಿನ ಒಂದು ತುಣುಕಿಗೆ, ನಿಮ್ಮ ಸಂಶೋಧನಾ ಪ್ರಶ್ನೆಯ ದೃಷ್ಟಿಯಿಂದ ಅದರಲ್ಲೇನಿದೆ ಎಂದು ನೀವು ಕೊಡುವ ಚಿಕ್ಕ ಹೆಸರು. ಎಲ್ಲ ಕೆಡುಕೂ ಇಲ್ಲಿಂದಲೇ ಶುರುವಾಗುವುದರಿಂದ ಈ ಹಂತದಲ್ಲಿ ನಿಧಾನವಾಗಿ ಸಾಗೋಣ. ಕಾ-3ರ ಸಂದರ್ಶನದ ಒಂದು ಭಾಗ ಹೀಗಿದೆ:

> ಸಂದರ್ಶಕಿ: ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ತೋಟದಲ್ಲಿ ಆನೆ ಇದೆ ಎಂದು ಹೇಗೆ ಗೊತ್ತಾಗುತ್ತದೆ ಅಕ್ಕಾ?
>
> ಕಾ-3: (1) ಫೋನಿಗೆ ಮೆಸೇಜ್ ಬರುತ್ತದಂತೆ. ನನಗೆ ಓದಲು ಬರುವುದಿಲ್ಲ, ರೈಟರ್ ನೋಡಿ ಹೇಳುತ್ತಾರೆ. (2) ಅವರು ಹೇಳುವಷ್ಟರಲ್ಲಿ ನಾವು ಅರ್ಧ ದಾರಿ ಬಂದಿರುತ್ತೇವೆ. (3) ನಾವು ನಾಯಿ ಬೊಗಳುವುದನ್ನು ಕೇಳುತ್ತೇವೆ, ದಾರಿಯಲ್ಲಿ ಹಸಿ ಲದ್ದಿ ಇದೆಯೇ ಎಂದು ನೋಡುತ್ತೇವೆ. (4) ಆನೆ ಇದೆ ಎಂದು ವಾಪಸ್ ಬಂದರೆ ಅವತ್ತಿನ ಕೂಲಿ ಇಲ್ಲ. (5) ಸಾಹುಕಾರರು ಒಳ್ಳೆಯವರೇ, ಆನೆ ಇದ್ದರೆ ಹೋಗಬೇಡಿ ಎನ್ನುತ್ತಾರೆ. (6) ಕುಯ್ಲಿನ ಸಮಯದಲ್ಲಿ ಮಾತ್ರ ಯಾರೂ ಹಾಗೆ ಹೇಳುವುದಿಲ್ಲ.

ಅವಸರದ ಕೋಡಿಂಗ್ ಇಲ್ಲಿ ಮೂರು ಹೆಸರುಗಳಲ್ಲಿ ಮುಗಿಯುತ್ತದೆ: ‘ಎಚ್ಚರಿಕೆ ವ್ಯವಸ್ಥೆ’, ‘ಕೂಲಿ’, ‘ಮಾಲೀಕರ ಜೊತೆಗಿನ ಸಂಬಂಧ’. ಈ ಮೂರನ್ನು ನನಗೆ ಕೊಟ್ಟು ಮಾತನ್ನು ಮುಚ್ಚಿಟ್ಟರೆ, ಆ ಹೆಂಗಸು ಏನು ಹೇಳಿದಳು ಎಂದು ನಾನು ಊಹಿಸಲಾರೆ. ಎಚ್ಚರಿಕೆ ವ್ಯವಸ್ಥೆ ಚೆನ್ನಾಗಿದೆ ಎಂದಳೋ, ಇಲ್ಲವೇ ಇಲ್ಲ ಎಂದಳೋ ತಿಳಿಯುವುದಿಲ್ಲ. ಇದನ್ನೇ ಪರೀಕ್ಷೆಯಾಗಿ ಇಟ್ಟುಕೊಳ್ಳಿ: ಮಾತನ್ನು ಮುಚ್ಚಿ ಕೋಡನ್ನು ಮಾತ್ರ ಓದಿದಾಗ ವಿಷಯ ಯಾವುದು ಎಂದಷ್ಟೇ ತಿಳಿದರೆ ಕೋಡ್ ಸೋತಿದೆ, ವಿಷಯದ ಬಗ್ಗೆ ಏನು ಹೇಳಿದರು ಎಂದು ತಿಳಿದರೆ ಗೆದ್ದಿದೆ.

ಅದೇ ಮಾತನ್ನು ಹೀಗೆ ಕೋಡ್ ಮಾಡಬಹುದು:

(1) ಎಚ್ಚರಿಕೆ ಮೇಲಿನವರ ಮೂಲಕವೇ ತನಗೆ ತಲುಪುವುದು
(2) ಎಚ್ಚರಿಕೆ ಬರುವ ಹೊತ್ತಿಗೆ ಅಪಾಯದೊಳಗೆ ಇರುವುದು
(3) ಫೋನಿಗಿಂತ ಕಣ್ಣು ಕಿವಿಯನ್ನು ನಂಬುವುದು
(4) ಜಾಗರೂಕತೆಗೆ ಕೂಲಿಯ ಬೆಲೆ ತೆರುವುದು
(5) ಮಾಲೀಕರನ್ನು ಒಳ್ಳೆಯವರೆಂದು ಹೇಳಿಕೊಳ್ಳುವುದು
(6) ಕುಯ್ಲು ಬಂದಾಗ ಸುರಕ್ಷತೆಯ ಮಾತು ನಿಲ್ಲುವುದು

ಕೋಡ್‌ಗಳು ‘ತಲುಪುವುದು’, ‘ತೆರುವುದು’, ‘ನಿಲ್ಲುವುದು’ ಎಂದು ಕ್ರಿಯೆಯಲ್ಲಿ ಮುಗಿದಿವೆ. ಇದು ನಿಯಮವಲ್ಲ, ಆದರೆ ಬರಿಯ ನಾಮಪದದಲ್ಲಿ ನಿಂತ ಕೋಡ್ ಬಲು ಬೇಗ ಪ್ರಶ್ನಾವಳಿಯ ಶೀರ್ಷಿಕೆಯ ಕಡೆಗೆ ಜಾರುತ್ತದೆ, ಕ್ರಿಯಾಪದ ಅದನ್ನು ತಡೆದು ಹಿಡಿಯುತ್ತದೆ.

ಐದನೆಯ ತುಣುಕಿನ ಹತ್ತಿರ ಸ್ವಲ್ಪ ನಿಲ್ಲಿ. ‘ಮಾಲೀಕರು ಒಳ್ಳೆಯವರು’ ಎಂದು ಕೋಡ್ ಮಾಡಿದ್ದರೆ ಅದು ಆಕೆಯ ಅಭಿಪ್ರಾಯದ ವರದಿ. ‘ಒಳ್ಳೆಯವರೆಂದು ಹೇಳಿಕೊಳ್ಳುವುದು’ ಎಂದಾಗ, ಆಕೆ ಮಾತಿನಲ್ಲಿ ಏನು ಮಾಡುತ್ತಿದ್ದಾಳೆ ಎಂಬುದರ ಕಡೆಗೆ ಒಂದು ಹೆಜ್ಜೆ ಇಟ್ಟಂತಾಯಿತು: ಮುಂದಿನ ದೂರನ್ನು ಹೇಳುವ ಮೊದಲು ಆಕೆ ತನಗೊಂದು ರಕ್ಷೆ ಕಟ್ಟಿಕೊಳ್ಳುತ್ತಿರಬಹುದು. ಮೊದಲನೆಯದು ಮೇಲ್ಮೈಯ ಅರ್ಥ, ಎರಡನೆಯದು ಒಳಗಿನ ಅರ್ಥ. ಎರಡಕ್ಕೂ ಜಾಗವಿದೆ. ಆದರೆ ಒಳಗಿನ ಅರ್ಥಕ್ಕೆ ಹೋದಾಗಲೆಲ್ಲ ಪಕ್ಕದಲ್ಲಿ ಒಂದು ಟಿಪ್ಪಣಿ ಇರಲೇಬೇಕು, ಇಲ್ಲವಾದರೆ ಎರಡು ತಿಂಗಳ ನಂತರ ಅದು ನಿಮ್ಮ ಊಹೆ ಎಂಬುದನ್ನು ಮರೆತು ಆಕೆಯ ಮಾತೆಂದೇ ನಂಬಿಬಿಡುತ್ತೀರಿ. ಟಿಪ್ಪಣಿ ಹೀಗಿರಬಹುದು: ‘ಕಾ-3, ಸಾಲು 5. ದೂರಿಗೆ ಮೊದಲು ಹೊಗಳಿಕೆ. ರೈಟರ್ ಆಗ ಅಲ್ಲೇ ಸುತ್ತಮುತ್ತ ಇದ್ದರು. ಕಾ-1, ಕಾ-6ರಲ್ಲೂ ಹೀಗೆಯೇ ಇದೆಯೇ ನೋಡಬೇಕು. ನಿಜವಾಗಿಯೂ ಒಳ್ಳೆಯ ಮಾಲೀಕರೂ ಇರಬಹುದು, ಅದನ್ನು ತಳ್ಳಿಹಾಕಬಾರದು.’

ಎಲ್ಲ ಸಾಲಿಗೂ ಕೋಡ್ ಬೇಕೇ ಎಂದು ಕೇಳುತ್ತಾರೆ. ಬೇಡ. ಹೂ ಮಳೆ ಈ ವರ್ಷ ತಡವಾಯಿತು ಎಂದು ಬೆಳೆಗಾರರು ಹತ್ತು ನಿಮಿಷ ಮಾತನಾಡಿದ್ದರೆ, ಅದಕ್ಕೂ ನಿಮ್ಮ ಪ್ರಶ್ನೆಗೂ ಸಂಬಂಧವಿಲ್ಲದಿದ್ದರೆ ಬಿಟ್ಟುಬಿಡಿ. ಆದರೆ ಸಂಬಂಧವಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಕೋಡ್ ಮಾಡಿ, ಆಮೇಲೆ ತೆಗೆಯುವುದು ಸುಲಭ. ಒಂದು ತುಣುಕಿಗೆ ಎರಡು ಮೂರು ಕೋಡ್ ಬಿದ್ದರೂ ತೊಂದರೆಯಿಲ್ಲ.

ಈಗ ಬೆಳೆಗಾರರ ಕಡೆಯ ಒಂದು ಮಾತು. ಅದರಲ್ಲಿ ಬರುವ ಜಮ್ಮಾ ಜಾಗ ಎಂದರೆ ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿ, ಪಟ್ಟೆದಾರರು ಎಂದರೆ ಅದರ ದಾಖಲೆಯಲ್ಲಿ ಹೆಸರಿರುವ ಒಕ್ಕದವರು. ಬೆ-5:

> (1) ಹಲಸು ಹಣ್ಣಾಗಲು ಬಿಡುವುದೇ ಇಲ್ಲ, ಎಳೆಯದಿರುವಾಗಲೇ ಕಡಿದು ಹಾಕುತ್ತೇವೆ. (2) ಬಾಳೆ ಬಿಟ್ಟು ಬಹಳ ಕಾಲವಾಯಿತು. ಗದ್ದೆಯೂ ಪಾಳು. (3) ಆನೆ ಬಂದು ತಿಂದರೆ ಅರ್ಜಿ ಹಾಕಬಹುದು, ಬರುತ್ತದೆ ಎಂದು ನಾವೇ ಬಿಟ್ಟ ಗದ್ದೆಗೆ ಯಾರು ಕೊಡುತ್ತಾರೆ? (4) ಅರ್ಜಿ ಹಾಕೋಣ ಎಂದರೂ ಪಹಣಿಯಲ್ಲಿ ಇರುವುದು ಪಟ್ಟೆದಾರರ ಹೆಸರು. ಜಮ್ಮಾ ಜಾಗ. ತೋಟ ಮಾಡುವುದು ನಾನು.

ಕೋಡ್‌ಗಳು: (1) ಆನೆ ಬಾರದಿರಲೆಂದು ಫಲವನ್ನು ತಾವೇ ನಾಶಮಾಡುವುದು; (2) ಆನೆಗೆ ಹೆದರಿ ಬೆಳೆ ಬಿಡುವುದು; (3) ಮುಂಜಾಗ್ರತೆಯ ನಷ್ಟಕ್ಕೆ ಅರ್ಜಿಯಲ್ಲಿ ಜಾಗವಿಲ್ಲದಿರುವುದು; (4) ದುಡಿಯುವವರ ಹೆಸರು ದಾಖಲೆಯಲ್ಲಿ ಇಲ್ಲದಿರುವುದು.

ಇಲ್ಲಿ ‘ಬೆಳೆ ಹಾನಿ’ ಎಂದು ಒಂದೇ ಕೋಡ್ ಹಾಕಿದ್ದರೆ, ಆನೆ ತುಳಿದ ಕಾಫಿ ಗಿಡವೂ ಆನೆಯೇ ಬಾರದ ಪಾಳು ಗದ್ದೆಯೂ ಒಂದೇ ಬುಟ್ಟಿಗೆ ಬೀಳುತ್ತಿದ್ದವು. ಸಂಶೋಧನೆಗೆ ಹೊಸದಾಗಿ ಹೇಳಲು ಏನಾದರೂ ಇದ್ದರೆ ಅದು ಆ ವ್ಯತ್ಯಾಸದಲ್ಲೇ ಇದೆ.

ಮೂರು ಪ್ರತಿ ಮುಗಿದ ಮೇಲೆ ನಿಲ್ಲಿ

ಹದಿನಾಲ್ಕನ್ನೂ ಒಂದೇ ಓಟದಲ್ಲಿ ಮುಗಿಸಬೇಡಿ. ಮೂರು ಪ್ರತಿಗಳಾದ ಮೇಲೆ ಕೋಡ್‌ಗಳ ಪಟ್ಟಿಯನ್ನು ಮುದ್ರಿಸಿ ಓದಿ. ಎರಡು ಬಗೆಯ ರೋಗಗಳು ಈ ಹೊತ್ತಿಗೆ ಕಾಣಿಸಿಕೊಂಡಿರುತ್ತವೆ.

ಒಂದು, ಮೂರೇ ಪ್ರತಿಗೆ ಇನ್ನೂರು ಕೋಡ್. ಪ್ರತಿ ಕೋಡ್ ಒಂದೇ ಸಲ ಬಳಕೆಯಾಗಿದೆ ಎಂದರೆ ನೀವು ಕೋಡ್ ಮಾಡುತ್ತಿಲ್ಲ, ಮಾತನ್ನು ಮತ್ತೊಮ್ಮೆ ಸಂಕ್ಷಿಪ್ತವಾಗಿ ಬರೆಯುತ್ತಿದ್ದೀರಿ. ‘ರೈಟರ್ ಮೆಸೇಜ್ ಓದಿ ಹೇಳುವುದು’, ‘ಮಗ ಮೆಸೇಜ್ ಓದಿ ಹೇಳುವುದು’ ಎಂಬ ಎರಡನ್ನು ‘ಎಚ್ಚರಿಕೆಗೆ ಇನ್ನೊಬ್ಬರನ್ನು ಅವಲಂಬಿಸುವುದು’ ಎಂದು ಕೂಡಿಸಬಹುದೇ ನೋಡಿ. ಕೂಡಿಸುವ ಮೊದಲು ಒಂದು ಕ್ಷಣ ಯೋಚಿಸಿ: ರೈಟರ್ ಕೆಲಸ ಹೇಳುವವರು, ಮಗ ಅಲ್ಲ. ಅವಲಂಬನೆ ಒಂದೇ, ಅಧಿಕಾರ ಬೇರೆ. ನಾನಾದರೆ ಇವನ್ನು ಕೂಡಿಸುವುದಿಲ್ಲ.

ಎರಡು, ಮೂರು ಪ್ರತಿಗೆ ಹನ್ನೆರಡೇ ಕೋಡ್, ಎಲ್ಲವೂ ನಾಮಪದ, ಎಲ್ಲವೂ ಪ್ರಶ್ನೆಗಳ ಕ್ರಮದಲ್ಲೇ. ಇದು ಹೆಚ್ಚು ಅಪಾಯಕಾರಿ. ಮೊದಲ ರೋಗಕ್ಕೆ ಕತ್ತರಿ ಸಾಕು, ಇದಕ್ಕೆ ಮತ್ತೆ ಮೊದಲಿನಿಂದ ಓದಬೇಕು. ಒಂದು ಉಪಾಯವಿದೆ. ಸಂದರ್ಶಕಿಯ ಪ್ರಶ್ನೆಗಳನ್ನು ಅಳಿಸಿದ ಒಂದು ಪ್ರತಿ ಮಾಡಿಕೊಂಡು, ಉತ್ತರಗಳನ್ನು ಮಾತ್ರ ಹಿಂದಿನಿಂದ ಮುಂದಕ್ಕೆ ಕೋಡ್ ಮಾಡಿ. ಕೊನೆಯ ಪುಟದ ಮಾತನ್ನು ಮೊದಲು, ಮೊದಲ ಪುಟದ್ದನ್ನು ಕೊನೆಗೆ. ಪ್ರಶ್ನೆಯ ಹಿಡಿತ ಸಡಿಲವಾಗುತ್ತದೆ. ಆಮೇಲೆ ಪ್ರಶ್ನೆಗಳಿರುವ ಪ್ರತಿಯ ಜೊತೆ ಹೋಲಿಸಿ ನೋಡುವುದನ್ನು ಮರೆಯಬೇಡಿ. ಕೆಲವು ‘ಹೌದು’ಗಳು ಕೇಳಿದ್ದಕ್ಕಷ್ಟೇ ಬಂದ ಹೌದುಗಳಾಗಿರುತ್ತವೆ.

ಉಳಿದ ಪ್ರತಿಗಳನ್ನು ಮುಗಿಸುವಾಗ ಬೆಳೆಗಾರರು, ಕಾರ್ಮಿಕರು ಎಂದು ಬೇರೆ ಬೇರೆ ರಾಶಿ ಮಾಡಿಕೊಳ್ಳದೆ ಒಬ್ಬರಾದ ಮೇಲೆ ಇನ್ನೊಬ್ಬರದನ್ನು ತೆಗೆದುಕೊಳ್ಳಿ. ಎಲ್ಲ ಬೆಳೆಗಾರರನ್ನು ಮೊದಲು ಮುಗಿಸಿದರೆ ಕಾರ್ಮಿಕರ ಮಾತಿಗೆ ಬೆಳೆಗಾರರ ಕೋಡ್‌ಗಳೇ ಅಂಟಿಕೊಳ್ಳುತ್ತವೆ. ಹೊಸ ಕೋಡ್‌ಗಳು ಬಂದಂತೆ ಮೊದಲ ಮೂರು ಪ್ರತಿಗಳಿಗೆ ಹಿಂತಿರುಗಬೇಕಾಗುತ್ತದೆ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ಸಾಧನ ಯಾವುದಾದರೂ ಆದೀತು. ಉಚಿತವಾಗಿ ಸಿಗುವ ಟ್ಯಾಗೆಟ್ ಸಾಕು. ಸ್ಪ್ರೆಡ್‌ಶೀಟಿನಲ್ಲಿ ವ್ಯಕ್ತಿ, ಸಾಲು, ಮಾತು, ಕೋಡ್, ಟಿಪ್ಪಣಿ ಎಂಬ ಐದು ಅಂಕಣಗಳಿದ್ದರೂ ಸಾಕು. ಎನ್‌ವಿವೋ, ಅಟ್ಲಾಸ್ ಟಿಐ ಇದ್ದರೆ ಹುಡುಕಾಟ ಸಲೀಸು, ಅಷ್ಟೇ. ತಂತ್ರಾಂಶದ ಹೆಸರನ್ನು ವಿಧಾನವೆಂದು ಬರೆಯುವ ಅಭ್ಯಾಸ ಮಾತ್ರ ಬೇಡ.

ಕೋಡ್‌ಗಳಿಂದ ಥೀಮ್‌ಗೆ

ಈಗ ನಿಮ್ಮ ಕೈಯಲ್ಲಿ ನೂರರ ಆಸುಪಾಸಿನ ಕೋಡ್‌ಗಳಿವೆ ಎಂದುಕೊಳ್ಳೋಣ. ಅವನ್ನು ಚೀಟಿಗಳಲ್ಲಿ ಬರೆದು ದೊಡ್ಡ ಮೇಜಿನ ಮೇಲೋ ನೆಲದ ಮೇಲೋ ಹರಡಿ. ಪರದೆಗಿಂತ ನೆಲ ಮೇಲು, ಒಟ್ಟಿಗೆ ಎಲ್ಲವೂ ಕಣ್ಣಿಗೆ ಬೀಳುತ್ತದೆ.

ಮೊದಲ ಸಲ ಗುಂಪು ಮಾಡಿದಾಗ ಹೀಗೆಯೇ ಆಗುತ್ತದೆ: ಎಚ್ಚರಿಕೆ, ಮೆಸೇಜ್, ಲದ್ದಿ, ನಾಯಿ ಒಂದು ಕಡೆ, ಹಲಸು, ಬಾಳೆ, ಗದ್ದೆ ಒಂದು ಕಡೆ, ಅರ್ಜಿ, ಪಹಣಿ ಒಂದು ಕಡೆ, ಕೂಲಿ, ಕುಯ್ಲು, ಸಾಹುಕಾರರು ಇನ್ನೊಂದು ಕಡೆ. ಗುಂಪುಗಳಿಗೆ ಹೆಸರು ಕೊಟ್ಟರೆ ‘ಎಚ್ಚರಿಕೆ’, ‘ಬೆಳೆ’, ‘ಪರಿಹಾರ’, ‘ಕಾರ್ಮಿಕರು’. ಪ್ರಶ್ನಾವಳಿ ಮತ್ತೆ ಬಾಗಿಲಲ್ಲಿ ನಿಂತಿದೆ. ಹೆಚ್ಚಿನವರು ಇದನ್ನೇ ಥೀಮ್ ಎಂದು ಬರೆದು ಅಧ್ಯಾಯ ಮುಗಿಸುತ್ತಾರೆ.

ಇದನ್ನು ವಿಷಯದ ಗುಂಪು ಎಂದು ಕರೆಯೋಣ. ಒಂದೇ ವಸ್ತುವಿನ ಬಗ್ಗೆ ಆಡಿದ ಎಲ್ಲ ಮಾತೂ, ಒಂದಕ್ಕೊಂದು ವಿರುದ್ಧವಾಗಿದ್ದರೂ, ಇಲ್ಲಿ ಒಟ್ಟಿಗೆ ಕುಳಿತಿರುತ್ತವೆ. ಥೀಮ್ ಹಾಗಲ್ಲ. ಬೇರೆ ಬೇರೆ ವಸ್ತುಗಳ ಬಗ್ಗೆ ಆಡಿದ ಮಾತುಗಳಲ್ಲಿ ಹಂಚಿಕೊಂಡಿರುವ ಒಂದು ಅರ್ಥ ಅದು. ಹಾಗಾಗಿ ಥೀಮ್ ಹುಡುಕುವವರು ಒಂದು ಗುಂಪಿನ ಒಳಗೆ ನೋಡಿದರೆ ಸಾಲದು, ಗುಂಪುಗಳ ಗೋಡೆಯನ್ನು ದಾಟಿ ಓಡಾಡುವ ಚೀಟಿಗಳನ್ನು ಹುಡುಕಬೇಕು.

‘ಪರಿಹಾರ’ದ ಗುಂಪಿನಿಂದ ಬೆ-5ರ ‘ಮುಂಜಾಗ್ರತೆಯ ನಷ್ಟಕ್ಕೆ ಅರ್ಜಿಯಲ್ಲಿ ಜಾಗವಿಲ್ಲದಿರುವುದು’ ಎಂಬ ಚೀಟಿಯನ್ನು ಎತ್ತಿಕೊಳ್ಳಿ. ಅದು ಹೇಳುವುದೇನು? ನಷ್ಟ ಆಗಿದೆ, ಆದರೆ ಆನೆ ಬಂದಿಲ್ಲ. ಬಂದದ್ದಕ್ಕೆ ಮಾತ್ರ ಕಾಗದವಿದೆ. ಈಗ ಕಣ್ಣು ‘ಕಾರ್ಮಿಕರು’ ಗುಂಪಿನತ್ತ ಹೋಗಲಿ. ಕಾ-3ರ ‘ಜಾಗರೂಕತೆಗೆ ಕೂಲಿಯ ಬೆಲೆ ತೆರುವುದು’ ಅಲ್ಲಿದೆ. ಆನೆ ಇದೆ ಎಂದು ತಿರುಗಿ ಬಂದ ದಿನ ಆಕೆಗೂ ಏನೂ ಆಗಿಲ್ಲ, ಆನೆ ಆಕೆಯನ್ನು ಮುಟ್ಟಿಲ್ಲ. ಕೂಲಿ ಮಾತ್ರ ಹೋಗಿದೆ. ಪಾಳು ಗದ್ದೆಯೂ ಹೋದ ಕೂಲಿಯೂ ಒಂದೇ ಜಾತಿಯ ನಷ್ಟ. ‘ಬೆಳೆ’ಯ ಗುಂಪಿನಿಂದ ‘ಫಲವನ್ನು ತಾವೇ ನಾಶಮಾಡುವುದು’ ಕೂಡ ಇಲ್ಲಿಗೆ ಬರುತ್ತದೆ. ಒಬ್ಬರು ಬೆಳೆಗಾರರು, ಒಬ್ಬರು ದಿನಗೂಲಿಯವರು; ಒಬ್ಬರು ಹಲಸಿನ ಬಗ್ಗೆ ಮಾತನಾಡಿದರು, ಇನ್ನೊಬ್ಬರು ಹಾಜರಿಯ ಬಗ್ಗೆ. ಅವರಿಬ್ಬರನ್ನೂ ಒಂದುಗೂಡಿಸುವ ವಾಕ್ಯ ಇದು: *ಆನೆಯನ್ನು ತಪ್ಪಿಸಿಕೊಳ್ಳಲು ಜನ ತೆರುವ ಬೆಲೆ, ಆನೆ ಮಾಡಿದ ಹಾನಿಯ ಲೆಕ್ಕದಲ್ಲಿ ಎಲ್ಲೂ ಸೇರುವುದಿಲ್ಲ.*

ಇದು ಥೀಮ್. ಸಂದರ್ಶನದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ, ಯಾರೂ ಈ ವಾಕ್ಯದಲ್ಲಿ ಹೇಳಲೂ ಇಲ್ಲ. ಆದರೆ ಅವರು ಹೇಳಿದ ಮಾತುಗಳ ಆಧಾರದ ಮೇಲೆಯೇ ಇದು ನಿಲ್ಲುತ್ತದೆ. ಥೀಮ್ ಆಗಿದೆಯೇ ಎಂದು ತಿಳಿಯಲು ಅದನ್ನು ಒಂದು ಪೂರ್ಣ ವಾಕ್ಯದಲ್ಲಿ ಬರೆಯಲು ಪ್ರಯತ್ನಿಸಿ. ‘ಪರಿಹಾರ’ ಎಂಬುದನ್ನು ಯಾರೂ ಅಲ್ಲಗಳೆಯಲಾರರು, ಏಕೆಂದರೆ ಅದು ಏನನ್ನೂ ಹೇಳುತ್ತಿಲ್ಲ. ಮೇಲಿನ ವಾಕ್ಯವನ್ನು ಒಬ್ಬರು ಅಲ್ಲಗಳೆಯಬಹುದು. ಅಲ್ಲಗಳೆಯಲು ಬರುವಂತಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ.

ಇದೇ ರೀತಿ ಎರಡನೆಯದು. ‘ಎಚ್ಚರಿಕೆ ಮೇಲಿನವರ ಮೂಲಕವೇ ತಲುಪುವುದು’, ‘ಕುಯ್ಲು ಬಂದಾಗ ಸುರಕ್ಷತೆಯ ಮಾತು ನಿಲ್ಲುವುದು’, ‘ದುಡಿಯುವವರ ಹೆಸರು ದಾಖಲೆಯಲ್ಲಿ ಇಲ್ಲದಿರುವುದು’ ಈ ಮೂರನ್ನು ಪಕ್ಕಪಕ್ಕ ಇಟ್ಟರೆ, ಅಪಾಯವನ್ನು ಮೈಮೇಲೆ ಹೊರುವವರು ಒಬ್ಬರು, ಅದರ ಬಗ್ಗೆ ನಿರ್ಧರಿಸುವ ಅಧಿಕಾರವಿರುವವರು ಇನ್ನೊಬ್ಬರು ಎಂಬ ವಾಕ್ಯ ಮೂಡುತ್ತದೆ. ಪಹಣಿಯ ಚೀಟಿ ಇಲ್ಲಿ ನಿಜವಾಗಿಯೂ ಸೇರುತ್ತದೆಯೇ ಎಂಬುದು ನನಗೆ ಅಷ್ಟು ಖಚಿತವಿಲ್ಲ. ಪಟ್ಟೆದಾರರು ಹಾಗೂ ತೋಟ ಮಾಡುವವರು ಒಂದೇ ಒಕ್ಕದವರು. ರೈಟರ್ ಹಾಗೂ ಕಾರ್ಮಿಕರ ಸಂಬಂಧ ಹಾಗಲ್ಲ. ಇಂಥ ಚೀಟಿಯನ್ನು ಎಲ್ಲಾದರೂ ತುರುಕದೆ ಅಂಚಿನಲ್ಲಿ ಇಡಿ. ಮುಂದಿನ ಹಂತ ಅದಕ್ಕಾಗಿಯೇ ಇದೆ.

ಥೀಮ್ ನಿಲ್ಲುತ್ತದೆಯೇ ಎಂದು ನೋಡುವುದು

ಎರಡು ಸಲ ನೋಡಬೇಕು. ಮೊದಲು, ಆ ಥೀಮ್‌ನೊಳಗೆ ಬಿದ್ದ ಎಲ್ಲ ಮಾತುಗಳನ್ನು ಒಂದೆಡೆ ತಂದು ಓದಿ. ಕೋಡ್‌ಗಳನ್ನಲ್ಲ, ಮಾತುಗಳನ್ನು. ಕೋಡ್‌ಗಳು ಒಟ್ಟಿಗೆ ಚೆನ್ನಾಗಿ ಕಂಡರೂ ಮಾತುಗಳು ಬೇರೆ ದಿಕ್ಕಿಗೆ ಎಳೆಯುವುದುಂಟು. ಪಹಣಿಯ ಮಾತು ಹೀಗೆ ಓದಿದಾಗ ಎರಡನೆಯ ಥೀಮ್‌ನಿಂದ ಹೊರಬಿದ್ದು ಮೊದಲನೆಯದಕ್ಕೆ ಸೇರಬಹುದು: ಅಲ್ಲೂ ಪ್ರಶ್ನೆ ಕಾಗದಕ್ಕೆ ಕಾಣದ ನಷ್ಟದ್ದೇ. ಹಾಗೆ ಸೇರಿಸಿದರೆ ಮೊದಲ ಥೀಮ್‌ನ ವಾಕ್ಯವನ್ನೂ ಸ್ವಲ್ಪ ಹಿಗ್ಗಿಸಬೇಕಾಗುತ್ತದೆ: ಆನೆಯಿಂದಾಗುವ ನಷ್ಟದಲ್ಲಿ ಕಾಗದಕ್ಕೆ ಕಾಣುವುದು ಒಂದು ಭಾಗ ಮಾತ್ರ, ತಪ್ಪಿಸಿಕೊಳ್ಳಲು ತೆತ್ತ ಬೆಲೆಯೂ ಹೆಸರಿಲ್ಲದವರ ನಷ್ಟವೂ ಅದರ ಹೊರಗೆ ಉಳಿಯುತ್ತವೆ.

ಆಮೇಲೆ 14 ಪ್ರತಿಗಳನ್ನೂ ಮೊದಲಿನಿಂದ ಓದಿ, ಈ ಸಲ ಥೀಮ್‌ಗೆ ಒಗ್ಗದವರನ್ನು ಹುಡುಕುತ್ತಾ. ಬೆ-2 ಹೀಗೆ ಹೇಳಿದ್ದಾರೆ ಎಂದುಕೊಳ್ಳಿ: ‘ನಾನು ಹಲಸು ಕಡಿಯುವುದಿಲ್ಲ. ಒಂದು ಮರ ಅದಕ್ಕೆಂದೇ ಬಿಟ್ಟಿದ್ದೇನೆ, ತಿಂದು ಹೋಗುತ್ತದೆ.’ ಇದು ತಪ್ಪಿಸಿಕೊಳ್ಳುವ ಬೆಲೆಯಲ್ಲ, ಒಪ್ಪಂದದಂಥದ್ದು. ಇದನ್ನು ಅಡಗಿಸಿಡಬೇಡಿ. ಅವರ ತೋಟದ ವಿಸ್ತೀರ್ಣ ದೊಡ್ಡದೇ? ಬೇರೆ ಆದಾಯವಿದೆಯೇ? ಉತ್ತರ ಪ್ರತಿಯಲ್ಲೇ ಇದ್ದರೆ ನಿಮ್ಮ ಥೀಮ್‌ಗೆ ಒಂದು ಮಿತಿ ಸಿಕ್ಕಿತು: ಒಂದು ಮರದ ಹಣ್ಣನ್ನು ಬಿಟ್ಟುಕೊಡುವ ಶಕ್ತಿ ಇರುವವರಿಗೆ ಆನೆ ಬೇರೆಯಾಗಿಯೇ ಕಾಣಬಹುದು. ಪ್ರತಿಯಲ್ಲಿ ಇಲ್ಲದಿದ್ದರೆ, ಸಾಧ್ಯವಾದರೆ ಮತ್ತೆ ಹೋಗಿ ಕೇಳಿ. ಆಗದಿದ್ದರೆ ಒಗ್ಗದ ಮಾತನ್ನು ಒಗ್ಗದೆಂದೇ ಬರೆಯಿರಿ.

ಇಷ್ಟರಲ್ಲಿ ಏಳೆಂಟು ಥೀಮ್‌ಗಳು ಮೂರು ನಾಲ್ಕಕ್ಕೆ ಇಳಿದಿರುತ್ತವೆ. ಹೆಚ್ಚು ಥೀಮ್ ಇದ್ದರೆ ಕೆಲಸ ಹೆಚ್ಚಾಗಿದೆ ಎಂದು ತೋರುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಓದುವವರಿಗೆ ತೋರುವುದು ಕೋಡ್‌ಗಳನ್ನು ಇನ್ನೂ ಯೋಚಿಸಿಲ್ಲ ಎಂದೇ.

ಹೆಸರು, ಬರವಣಿಗೆ

ಪ್ರತಿ ಥೀಮ್‌ಗೂ ಐದಾರು ಸಾಲಿನ ವಿವರಣೆ ಬರೆಯಿರಿ: ಅದರ ನಡುವಿನ ಮಾತು ಯಾವುದು, ಏನು ಒಳಗಿದೆ, ಏನು ಹೊರಗಿದೆ. ಹೊರಗಿರುವುದನ್ನು ಬರೆಯಲು ಆಗದಿದ್ದರೆ ಗಡಿ ಇನ್ನೂ ಬಿದ್ದಿಲ್ಲ. ಹೆಸರು ಚಿಕ್ಕದಿರಲಿ, ಆದರೆ ವಾಕ್ಯದ ತಿರುಳು ಅದರಲ್ಲಿರಲಿ. ‘ಕಾಗದಕ್ಕೆ ಕಾಣದ ನಷ್ಟ’ ಎಂದರೆ ಸಾಕು.

ಅಧ್ಯಾಯದಲ್ಲಿ ಉಲ್ಲೇಖಗಳನ್ನು ಒಂದರ ಕೆಳಗೊಂದು ಪೋಣಿಸಿ ನಡುವೆ ‘ಇದೇ ಅಭಿಪ್ರಾಯವನ್ನು ಕಾ-6 ಕೂಡ ವ್ಯಕ್ತಪಡಿಸಿದ್ದಾರೆ’ ಎಂದು ಸೇರಿಸುವುದು ವಿಶ್ಲೇಷಣೆಯಲ್ಲ. ಒಂದು ಮಾತನ್ನು ಕೊಟ್ಟರೆ ಅದರಲ್ಲಿ ನೀವು ಏನು ಕಂಡಿರಿ ಎಂದು ಕನಿಷ್ಠ ಅಷ್ಟೇ ಉದ್ದಕ್ಕೆ ಬರೆಯಿರಿ. ಚೆನ್ನಾಗಿ ಮಾತನಾಡುವ ಒಬ್ಬರೇ ಎಲ್ಲ ಥೀಮ್‌ಗಳಲ್ಲೂ ಕಾಣಿಸಿಕೊಳ್ಳುತ್ತಿದ್ದಾರೆಯೇ ಎಂದೂ ಎಣಿಸಿ ನೋಡಿ. ಕೊಡಗಿನ ತೋಟಗಳಲ್ಲಿ ಹೆಚ್ಚು ಮಾತನಾಡುವವರು ಬೆಳೆಗಾರರು. ಕಾರ್ಮಿಕರ ಉತ್ತರಗಳು ಚಿಕ್ಕವಿರುತ್ತವೆ. ಉಲ್ಲೇಖದ ಉದ್ದವನ್ನೇ ನೋಡಿ ಆರಿಸಿದರೆ ಕಾರ್ಮಿಕರು ಅಧ್ಯಾಯದಿಂದಲೇ ಮಾಯವಾಗುತ್ತಾರೆ.

ಮೌಖಿಕ ಪರೀಕ್ಷೆಯಲ್ಲಿ ಕೇಳುವ ಎರಡು ಪ್ರಶ್ನೆ

‘ಇನ್ನೊಬ್ಬರು ಕೋಡ್ ಮಾಡಿದ್ದಾರೆಯೇ, ಕಪ್ಪಾ ಎಷ್ಟು?’ ಕಪ್ಪಾ ಎಂಬುದು ಇಬ್ಬರು ಕೋಡ್ ಮಾಡಿದಾಗ ಆಕಸ್ಮಿಕವನ್ನು ಕಳೆದು ಎಷ್ಟು ಹೊಂದಾಣಿಕೆ ಉಳಿಯುತ್ತದೆ ಎಂದು ಅಳೆಯುವ ಸಂಖ್ಯೆ. ಕೋಡ್‌ಗಳ ಪಟ್ಟಿ ಮೊದಲೇ ನಿಗದಿಯಾಗಿರುವ ವಿಧಾನಕ್ಕೆ ಅದು ಸಲ್ಲುತ್ತದೆ. ಓದುವವರ ಹಿನ್ನೆಲೆಯೇ ವಿಶ್ಲೇಷಣೆಯ ಭಾಗ ಎಂದು ಒಪ್ಪಿಕೊಂಡು ಹೊರಟ ವಿಧಾನದಲ್ಲಿ ಇಬ್ಬರೂ ಒಂದೇ ಕೋಡ್ ಕೊಡಬೇಕೆಂದು ಬಯಸುವುದು ಅಸಂಗತ. ಇನ್ನೊಬ್ಬರು ಓದಿದರೆ ಒಳ್ಳೆಯದೇ, ಆದರೆ ಅವರು ಓದುವುದು ನಿಮಗೆ ಕಾಣದ್ದನ್ನು ತೋರಿಸಲು. ಇದನ್ನು ವಿಧಾನದ ಅಧ್ಯಾಯದಲ್ಲೇ ಬರೆದಿಟ್ಟರೆ ಪರೀಕ್ಷೆಯ ದಿನ ತಡವರಿಸಬೇಕಾಗಿಲ್ಲ.

‘ಹದಿನಾಲ್ಕೇ ಏಕೆ?’ ಇದಕ್ಕೆ ಹಲವರು ‘ಹನ್ನೆರಡು ಸಂದರ್ಶನಗಳಿಗೆ ಹೊಸ ಕೋಡ್ ಬರುವುದು ನಿಲ್ಲುತ್ತದೆ’ ಎಂದು 2006ರ ಒಂದು ಪ್ರಸಿದ್ಧ ಅಧ್ಯಯನವನ್ನು ತೋರಿಸುತ್ತಾರೆ. ಆ ಅಧ್ಯಯನ ಪಶ್ಚಿಮ ಆಫ್ರಿಕಾದ ಎರಡು ದೇಶಗಳ ಮಹಿಳೆಯರ 60 ಸಂದರ್ಶನಗಳದ್ದು. ಸಾಕಷ್ಟು ಏಕರೂಪದ ಗುಂಪು, ಎಲ್ಲರಿಗೂ ಒಂದೇ ಪ್ರಶ್ನೆಗಳು. ನಮ್ಮ ಉದಾಹರಣೆಯಲ್ಲಿ ಬೆಳೆಗಾರರೂ ಕಾರ್ಮಿಕರೂ ಒಂದೇ ಗುಂಪಲ್ಲ, ಹಾಗಾಗಿ ಆ ಹನ್ನೆರಡನ್ನು ಇಲ್ಲಿಗೆ ಎತ್ತಿ ತರಲಾಗದು. ಅದರ ಬದಲು ಕೋಡಿಂಗ್ ನಡೆದ ದಿನಗಳ ದಾಖಲೆಯನ್ನು ತೋರಿಸಿ: ಯಾವ ಪ್ರತಿಯಲ್ಲಿ ಯಾವ ಹೊಸ ಕೋಡ್ ಬಂತು, ಯಾವುದನ್ನು ಯಾವಾಗ ಏಕೆ ಕೂಡಿಸಿದಿರಿ, ಬೆ-2ರ ಮಾತು ಬಂದ ಮೇಲೆ ಮೊದಲ ಥೀಮ್‌ನ ವಾಕ್ಯ ಹೇಗೆ ಬದಲಾಯಿತು. ಕೋಡ್‌ಗಳ ಪಟ್ಟಿಯ ಹಳೆಯ ಪ್ರತಿಗಳನ್ನು ಅಳಿಸದೆ ದಿನಾಂಕ ಹಾಕಿ ಉಳಿಸಿಕೊಂಡಿದ್ದರೆ ಈ ದಾಖಲೆ ತಾನಾಗಿಯೇ ಸಿದ್ಧವಿರುತ್ತದೆ. ಅನುಬಂಧದಲ್ಲಿ ಅದರ ಎರಡು ಪುಟ, ಕೋಡ್ ಮಾಡಿದ ಒಂದು ಪ್ರತಿಯ ಒಂದು ಪುಟ ಹಾಕಿ. ಹಾಕುವ ಮೊದಲು ಆ ಪುಟದಲ್ಲಿ ಒಕ್ಕದ ಹೆಸರು, ತೋಟದ ಹೆಸರು ಉಳಿದಿಲ್ಲವಷ್ಟೇ ಎಂದು ಇನ್ನೊಮ್ಮೆ ನೋಡಿ.